ಗೇಟಿನ ಬಳಿಯ ಎರಡು ಕಾಸ್ಟಿಂಗ್: 46 ಮೇಲ್‌ಗಳ ಒಂದು ಪ್ರಕರಣ

ಬೆಳಗಾವಿಯ ಉದ್ಯಮಬಾಗದ ಮಧ್ಯಮ ಗಾತ್ರದ ಫೌಂಡ್ರಿಯೊಂದಕ್ಕೆ ಪುಣೆಯ ಪಂಪ್ ತಯಾರಕರಿಂದ ಹೊಸ ಆರ್ಡರ್ ಬಂದಿತ್ತು. ಎರಕದ ಕಬ್ಬಿಣದ ಪಂಪ್ ಕೇಸಿಂಗ್, ಅಂದರೆ ಪಂಪಿನ ಹೊರಕವಚ, ದರ್ಜೆ ಎಫ್‌ಜಿ 260, ಒಂದರ ತೂಕ 38 ಕಿಲೋ, ಒಟ್ಟು 240. ಒಪ್ಪಂದ ಸರಳವಾಗಿತ್ತು: ಮೊದಲು ಐದು ಸ್ಯಾಂಪಲ್ ಕಳುಹಿಸಬೇಕು, ಗ್ರಾಹಕರು ಅವನ್ನು ಮಶಿನ್ ಮಾಡಿ ಪರೀಕ್ಷಿಸಬೇಕು, ಒಪ್ಪಿಗೆಯಾದ ಮೇಲೆ ಪೂರ್ಣ ಲಾಟ್ ಹೊಯ್ಯಬೇಕು. ಹೆಸರುಗಳನ್ನು ಬಿಟ್ಟಿದ್ದೇನೆ, ಪ್ರಕರಣಕ್ಕೆ ಅವು ಬೇಕಿಲ್ಲ. ಬೇಕಾದದ್ದು ಯಾರು ಯಾವ ಹುದ್ದೆಯಲ್ಲಿದ್ದರು ಎಂಬುದಷ್ಟೇ.

ಶನಿವಾರ ಮಧ್ಯಾಹ್ನ ಮಾಲೀಕರ ಮುಂದಿದ್ದ ಪ್ರಶ್ನೆ ಒಂದೇ: ಸೋಮವಾರದಿಂದ ಹೊಯ್ಯುವುದೋ, ಬೇಡವೋ. ದಿನಕ್ಕೆ 40 ಅಚ್ಚಿನಂತೆ ಆರು ದಿನದ ಕೆಲಸ. ಸಂಜೆ ಐದಕ್ಕೆ ಪಾಳಿ ಮುಗಿಯುವುದರೊಳಗೆ ಮೋಲ್ಡಿಂಗ್ ಮಿಸ್ತ್ರಿಗೆ ಮರಳಿನಲ್ಲಿ ಅಚ್ಚು ಮೂಡಿಸುವ ಯಾವ ಪ್ಯಾಟರ್ನ್ ಮಶಿನ್ನಿಗೆ ಏರಿಸಬೇಕೆಂದು ಹೇಳಬೇಕಿತ್ತು. ಆ ಆರ್ಡರಿನ ಸುತ್ತ ಮೂರು ವಾರಗಳಲ್ಲಿ 46 ಮೇಲ್‌ಗಳು ಓಡಾಡಿದ್ದವು. ಎಲ್ಲವೂ ಒಂದೇ ವಿಷಯ ಸಾಲಿನ ಕೆಳಗೆ, `Re:` ಹೊತ್ತ ಒಂದೇ ಸರಪಳಿಯಾಗಿ, ಫೌಂಡ್ರಿಯ ಆರ್ಡರ್ ವಿಭಾಗದ ಸಾಮಾನ್ಯ ಮೇಲ್ ಪೆಟ್ಟಿಗೆಯಲ್ಲಿ ಇದ್ದವು. ಮೇಲ್‌ಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಇಲ್ಲಿ ಕೊಡುತ್ತಿರುವುದು ಅವುಗಳ ಸಾರ.

ತಪ್ಪಾದರೆ ಏನಾಗುತ್ತಿತ್ತು ಎಂಬುದನ್ನು ಮೊದಲೇ ಹೇಳುವುದು ಒಳ್ಳೆಯದು. ಒಂಬತ್ತು ಟನ್ನಿಗಿಂತ ಸ್ವಲ್ಪ ಹೆಚ್ಚು ಕಾಸ್ಟಿಂಗ್. ಕೆಟ್ಟ ಕಾಸ್ಟಿಂಗನ್ನು ಮತ್ತೆ ಕರಗಿಸಬಹುದು, ಕಬ್ಬಿಣ ಎಲ್ಲಿಯೂ ಹೋಗುವುದಿಲ್ಲ. ಆದರೆ ಪಂಪ್ ಕೇಸಿಂಗಿನ ಒಳದೋಷ ಫೌಂಡ್ರಿಯ ಅಂಗಳದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಗ್ರಾಹಕರು ಮಶಿನ್ ಮಾಡಿ, ಕೇಸಿಂಗಿನ ಬಾಯಿಗಳನ್ನು ಮುಚ್ಚಿ, ನೀರಿನ ಒತ್ತಡ ಕೊಟ್ಟಾಗಲೇ ಅದು ಹೊರಬರುತ್ತದೆ. ಅಷ್ಟು ಹೊತ್ತಿಗೆ 240ನ್ನೂ ಹೊಯ್ದು, ಅಂಟಿದ ಹೆಚ್ಚುವರಿ ಲೋಹ ತೆಗೆಯುವ ಫೆಟ್ಲಿಂಗ್ ಮುಗಿಸಿ, ಲಾರಿಗೆ ಏರಿಸಿ ಆಗಿರುತ್ತದೆ. ಕೆಟ್ಟ ತುಂಡಿನ ಬೆಲೆಯ ಜೊತೆಗೆ ಅದರ ಮೇಲೆ ಆದ ಮಶಿನಿಂಗ್ ಖರ್ಚನ್ನೂ ಸೇರಿಸಿ ಗ್ರಾಹಕರು ಡೆಬಿಟ್ ನೋಟ್ ಕಳುಹಿಸುತ್ತಾರೆ. ಸೋಮವಾರದ ನಿರ್ಧಾರ ನೋಡಲು 40 ಅಚ್ಚಿನದು, ನಿಜದಲ್ಲಿ ಪೂರ್ತಿ ಲಾಟಿನದು.

ಮೊದಲ ಓದು

ಮೊದಲು ಓದಿದವರು ಮಾರ್ಕೆಟಿಂಗ್ ನೋಡಿಕೊಳ್ಳುವ ಹಿರಿಯರು. ಅವರು ಓದಿದ್ದು ಬಹುತೇಕ ಎಲ್ಲರೂ ಓದುವ ಹಾಗೆಯೇ: ಕೊನೆಯ ಮೇಲ್ ತೆರೆದು, ಅದರ ಕೆಳಗೆ ಅಂಟಿಕೊಂಡಿದ್ದ ಹಳೆಯ ಮಾತುಗಳನ್ನು, ಅಂದರೆ ಕಚೇರಿಗಳಲ್ಲಿ ಟ್ರೇಲ್ ಮೇಲ್ ಎನ್ನುವುದನ್ನು, ಕೆಳಗಿನವರೆಗೆ ಜಾರಿಸಿಕೊಂಡು ಹೋದರು. 46ನೆಯ ಮೇಲ್ ಗ್ರಾಹಕರ ಖರೀದಿ ಅಧಿಕಾರಿಯದು. ಸಾಗಣೆ ವೆಚ್ಚ ಅರ್ಧರ್ಧ ಎಂದು ಒಪ್ಪಿಕೊಂಡು, ದಯವಿಟ್ಟು ಮುಂದುವರಿಯಿರಿ ಎಂದು ಬರೆದಿದ್ದರು. ಅದರ ಕೆಳಗೆ ಲಾರಿ, ಪ್ಯಾಕಿಂಗ್, ಕಿಲೋ ದರದ ಬಗ್ಗೆ ಉದ್ದನೆಯ ಹಗ್ಗಜಗ್ಗಾಟ. ಇನ್ನೂ ಕೆಳಗೆ, 24ನೆಯದರಲ್ಲಿ, ಅದೇ ಅಧಿಕಾರಿ ಸ್ಯಾಂಪಲ್ ಸರಿಯಿವೆ, ಪೂರ್ಣ ಲಾಟ್ ಯೋಜಿಸಿ ಎಂದಿದ್ದರು. ಅದರ ಕೆಳಗೆ, 20ನೆಯದರಲ್ಲಿ, ಗ್ರಾಹಕರ ಗುಣಮಟ್ಟ ವಿಭಾಗದ ಎಂಜಿನಿಯರ್ ಅಳತೆ ವರದಿ ಲಗತ್ತಿಸಿದೆ, ಅಳತೆಗಳು ಸರಿಯಿವೆ ಎಂದಿದ್ದರು.

‘ಸಾಹೇಬರೇ, ಸ್ಯಾಂಪಲ್ ಪಾಸಾಗಿವೆ. ಲಾರಿ ಬಾಡಿಗೆಯೂ ತೀರ್ಮಾನವಾಯಿತು. ಸೋಮವಾರ ಹಚ್ಚಬಹುದು’ ಎಂದು ಅವರು ಮಾಲೀಕರಿಗೆ ಹೇಳಿದರು.

ಅವರನ್ನು ಅಜಾಗರೂಕರು ಎನ್ನಲಾಗದು. ತಮ್ಮ ಕಣ್ಣ ಮುಂದಿದ್ದ ಒಂದು ಸಾಲನ್ನೂ ಅವರು ಬಿಟ್ಟಿರಲಿಲ್ಲ. ಬೇಕಾದ ಸಾಲು ಅವರ ಕಣ್ಣ ಮುಂದೆ ಇರಲೇ ಇಲ್ಲ.

ಟ್ರೇಲ್ ಮೇಲ್ ಎಂಬುದರ ಸ್ವಭಾವವೇ ಇಲ್ಲಿನ ಮುಖ್ಯ ಸಂಗತಿ. ಉತ್ತರ ಬರೆಯುವಾಗ ಮೇಲ್ ತಂತ್ರಾಂಶವು ನೀವು ಯಾವ ಮೇಲ್‌ಗೆ ಉತ್ತರಿಸುತ್ತಿದ್ದೀರೋ ಅದನ್ನು ಮಾತ್ರ ಕೆಳಗೆ ಅಂಟಿಸುತ್ತದೆ. ಅದರೊಳಗೆ ಅದರ ಹಿಂದಿನದು, ಅದರೊಳಗೆ ಇನ್ನೂ ಹಿಂದಿನದು. ಹೀಗಾಗಿ ಕೊನೆಯ ಮೇಲ್‌ನ ಕೆಳಗೆ ಸಿಗುವುದು ಒಂದೇ ವಂಶದ ಸಾಲು: ತಂದೆ, ಅಜ್ಜ, ಮುತ್ತಜ್ಜ. ಚಿಕ್ಕಪ್ಪ ದೊಡ್ಡಪ್ಪಂದಿರು ಅದರಲ್ಲಿ ಬರುವುದಿಲ್ಲ. 14ನೆಯ ಮೇಲ್‌ಗೆ ಇಬ್ಬರು ಬೇರೆ ಬೇರೆಯಾಗಿ ಉತ್ತರಿಸಿದರೆ ಸರಪಳಿ ಅಲ್ಲಿ ಕವಲೊಡೆಯುತ್ತದೆ. ಮುಂದೆ ಎಲ್ಲರೂ ಒಂದು ಕವಲಿಗೇ ಉತ್ತರಿಸುತ್ತ ಹೋದರೆ ಇನ್ನೊಂದು ಕವಲು ಟ್ರೇಲಿನಿಂದ ಪೂರ್ತಿ ಮಾಯವಾಗುತ್ತದೆ. ಯಾರೂ ಅಳಿಸಿರುವುದಿಲ್ಲ, ಯಾರೂ ಮುಚ್ಚಿಟ್ಟಿರುವುದಿಲ್ಲ.

ಮೇಲ್ ಪೆಟ್ಟಿಗೆಯ ಸಂಭಾಷಣೆ ನೋಟದಲ್ಲಿ ಆ ಕವಲಿನ ಮೇಲ್ ಇದ್ದೇ ಇರುತ್ತದೆ. ಆದರೆ ಜಿಮೇಲ್ ಅಲ್ಲಿ ಕವಲುಗಳನ್ನು ತೋರಿಸುವುದಿಲ್ಲ, ಎಲ್ಲವನ್ನೂ ಬಂದ ಹೊತ್ತಿನ ಕ್ರಮದಲ್ಲಿ ಸಾಲಾಗಿ ಇಡುತ್ತದೆ. ಓದಿ ಮುಗಿದ ಮೇಲ್‌ಗಳನ್ನು ಮಡಚಿ ನಡುವಿನ ಹತ್ತಾರನ್ನು ಒಂದು ಸಂಖ್ಯೆಯ ಹಿಂದೆ ಅಡಗಿಸುತ್ತದೆ. ಸಾಮಾನ್ಯ ಪೆಟ್ಟಿಗೆಯನ್ನು ನಾಲ್ಕು ಜನ ತೆರೆಯುವ ಕಚೇರಿಯಲ್ಲಿ ಇದರ ಪರಿಣಾಮ ದೊಡ್ಡದು: ಒಬ್ಬರು ಒಮ್ಮೆ ಮುಟ್ಟಿದರೆ ಸಾಕು, ಉಳಿದ ಮೂವರಿಗೂ ಅದು ಓದಿಯಾದ ಮೇಲ್.

ಎರಡನೆಯ ಓದು

ಮಾಲೀಕರು ಆ ಸರಪಳಿಯನ್ನು ಯೋಜನಾ ವಿಭಾಗದ ಕಿರಿಯ ಅಧಿಕಾರಿಣಿಗೂ ತೋರಿಸಿದರು. ಆಕೆ ಆ ಆರ್ಡರಿಗೆ ಹೊಸಬಳು, ಹಿಂದಿನ ಮಾತುಕತೆಯ ಅರಿವಿರಲಿಲ್ಲ. ಅದೇ ಲಾಭವಾಯಿತು ಎಂದು ನನ್ನ ಎಣಿಕೆ. ನಡುವೆಯೇ ಇದ್ದವರು ನೆನಪಿನ ಸಹಾಯದಿಂದ ಓದುತ್ತಾರೆ. ನೆನಪು ಬಿಟ್ಟದ್ದನ್ನು ಕಣ್ಣೂ ಬಿಡುತ್ತದೆ.

ಮೇಲ್ ತೆರೆಯುವ ಮೊದಲು ಆಕೆ ಒಂದು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡದ್ದು, ಯಾವ ಮಾತು ಬಂದರೆ ಸೋಮವಾರದ ಎರಕ ನಿಲ್ಲಬೇಕು ಎಂಬುದನ್ನು. ಡ್ರಾಯಿಂಗ್ ಬದಲಾಗಿದ್ದರೆ ನಿಲ್ಲಬೇಕು. ಅದನ್ನು ಹೇಳಬಲ್ಲವರು ಗ್ರಾಹಕರ ಡಿಸೈನ್ ವಿಭಾಗದವರು. ಸ್ಯಾಂಪಲ್ ಒಪ್ಪಿಗೆಯಾಗಿರದಿದ್ದರೆ ನಿಲ್ಲಬೇಕು. ಅದನ್ನು ಹೇಳಬೇಕಾದವರು ಗುಣಮಟ್ಟ ವಿಭಾಗದವರು. ಸಂಖ್ಯೆ ಅಥವಾ ದರ ಬದಲಾಗಿದ್ದರೆ ನಿಲ್ಲಬೇಕು. ಅದು ಖರೀದಿ ವಿಭಾಗದ ಮಾತು. ಲಾರಿ, ಪ್ಯಾಕಿಂಗ್, ಬಾಡಿಗೆ ಏನೇ ಆಗಲಿ, ಎರಕ ನಿಲ್ಲುವುದಿಲ್ಲ. ಈ ಕೊನೆಯ ಸಾಲು ಬರೆದ ಕೂಡಲೇ ಆಕೆಯ ಕೆಲಸ ಅರ್ಧಕ್ಕೆ ಇಳಿಯಿತು, ಏಕೆಂದರೆ 46ರಲ್ಲಿ ಸುಮಾರು ಅರ್ಧ ಲಾರಿಯ ಮಾತೇ ಆಗಿತ್ತು. ಅವನ್ನು ಓದದೆ ಬಿಡಲಿಲ್ಲ, ನಿಧಾನಿಸದೆ ಹಾಯ್ದುಹೋದಳು.

ಹಾಯ್ದುಹೋಗುವಾಗಲೇ ಒಂದು ಕಡೆ ಎಡವಿದಳು. 38ನೆಯ ಮೇಲ್ ಗ್ರಾಹಕರ ಸ್ಟೋರಿನವರದು. ಲಾರಿ ಯಾವ ಗೇಟಿಗೆ ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂದು ವಿವರಿಸಿ, ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: ನಿಮ್ಮ ಎರಡು ಕಾಸ್ಟಿಂಗ್ ಗೇಟಿನ ಬಳಿ ಇವೆ, ಬರುವ ಲಾರಿ ಹೋಗುವಾಗ ಒಯ್ಯಲಿ.

‘ಅಣ್ಣಾ, ನಾವು ಐದು ಸ್ಯಾಂಪಲ್ ಕಳುಹಿಸಿದ್ದೆವಲ್ಲ. ಎರಡನ್ನು ಏಕೆ ವಾಪಸ್ ಒಯ್ಯಲು ಹೇಳುತ್ತಿದ್ದಾರೆ?’

‘ಅದು ಸ್ಟೋರಿನವರ ಮಾತು ತಂಗೀ. ಜಾಗ ಖಾಲಿ ಮಾಡಿಕೊಳ್ಳುತ್ತಿರಬೇಕು.’

ಇರಬಹುದು. ಆದರೆ ಜಾಗ ಖಾಲಿ ಮಾಡುವವರು ಐದನ್ನೂ ಹೊರಗಿಡುತ್ತಾರೆ. ಮೂರನ್ನು ಒಳಗಿಟ್ಟು ಎರಡನ್ನು ಗೇಟಿಗೆ ತಂದವರು ಐದನ್ನೂ ಪರೀಕ್ಷಿಸಿ ಬೇರ್ಪಡಿಸಿದವರೇ ಆಗಿರಬೇಕು. ಹಾಗೆ ಬೇರ್ಪಡಿಸಿದ್ದರ ಬಗ್ಗೆ 46ನೆಯ ಮೇಲ್‌ನ ಟ್ರೇಲಿನಲ್ಲಿ ಎಲ್ಲಿಯೂ ಒಂದು ಅಕ್ಷರವಿಲ್ಲ. ಪರಿಣಾಮ ಕಾಣುತ್ತಿದೆ, ಕಾರಣ ಕಾಣುತ್ತಿಲ್ಲ. ಹಾಗಾದರೆ ಕಾರಣ ಹೇಳುವ ಮೇಲ್ ಈ ಟ್ರೇಲಿನ ಹೊರಗೆ ಎಲ್ಲಿಯೋ ಇರಬೇಕು ಎಂದು ಆಕೆ ತರ್ಕಿಸಿದಳು. ಉದ್ದನೆಯ ಸರಪಳಿಯಲ್ಲಿ ನಾನು ನಂಬುವ ಸುಳಿವು ಇದೊಂದೇ: ಒಂದು ಸಂಖ್ಯೆ ಕಾರಣ ಹೇಳದೆ ಬದಲಾದರೆ ನಡುವೆ ಯಾವುದೋ ಮಾತು ನಡೆದಿದೆ. ತುರ್ತು, ಮುಖ್ಯ ಎಂಬ ಪದಗಳನ್ನು ಹುಡುಕುವವರಿದ್ದಾರೆ. ಆ ಪದಗಳು ಲಾರಿಯ ಮೇಲ್‌ಗಳಲ್ಲೇ ಹೆಚ್ಚು.

ಅಲ್ಲಿಂದ ಆಕೆ ಟ್ರೇಲನ್ನು ಬಿಟ್ಟು ಪೆಟ್ಟಿಗೆಗೆ ಬಂದಳು. ಕಂಪ್ಯೂಟರಿನಲ್ಲಿ ಜಿಮೇಲ್ ಸಂಭಾಷಣೆಯ ಮೇಲ್ಭಾಗದಲ್ಲಿ `Print all` ಎಂಬ ಗುರುತು ಇರುತ್ತದೆ. ಅದನ್ನು ಒತ್ತಿದರೆ ಸರಪಳಿಯ ಎಲ್ಲ ಮೇಲ್‌ಗಳೂ ಹಳೆಯದರಿಂದ ಹೊಸದರ ಕಡೆಗೆ ಒಂದೇ ಪುಟದಲ್ಲಿ ಬರುತ್ತವೆ. ಪ್ರತಿಯೊಂದರ ಮೇಲೆ ಯಾರಿಂದ, ಯಾರಿಗೆ, ಯಾರಿಗೆ ಪ್ರತಿ, ಯಾವ ಹೊತ್ತು ಎಂಬುದೆಲ್ಲ ಇರುತ್ತದೆ. ಮರುಕಳಿಸುವ ಹಳೆಯ ಮಾತುಗಳ ಜಾಗದಲ್ಲಿ `[Quoted text hidden]` ಎಂದಷ್ಟೇ ಇರುತ್ತದೆ. ಮುದ್ರಿಸಬೇಕಾಗಿಲ್ಲ, ಪರದೆಯ ಮೇಲೆಯೇ `Ctrl+F` ಒತ್ತಿ ಹುಡುಕಬಹುದು. 46 ಮೇಲ್‌ಗಳ ಟ್ರೇಲ್ ಎಷ್ಟೋ ಪುಟವಾಗುತ್ತದೆ, ಆದರೆ ಪ್ರತಿಯೊಬ್ಬರೂ ಹೊಸದಾಗಿ ಬರೆದದ್ದನ್ನು ಮಾತ್ರ ಇಟ್ಟುಕೊಂಡರೆ ಅದು ಹತ್ತಿಪ್ಪತ್ತು ನಿಮಿಷದ ಓದು.

ಆ ಪುಟದಲ್ಲಿ ಆಕೆ ಮೊದಲು ಮಾಡಿದ್ದು ಎಣಿಕೆ. ಖರೀದಿ ಅಧಿಕಾರಿಯವು 16, ಮಾರ್ಕೆಟಿಂಗ್ ಹಿರಿಯರವು 14, ಸ್ಟೋರಿನವು 6, ಫೌಂಡ್ರಿಯ ಲೆಕ್ಕಪತ್ರದವು 4, ಫೌಂಡ್ರಿಯ ಗುಣಮಟ್ಟ ಮೇಲ್ವಿಚಾರಕರದು 1, ಗ್ರಾಹಕರ ಗುಣಮಟ್ಟ ಎಂಜಿನಿಯರರವು 3, ಡಿಸೈನಿನವು 2. ಹಾಳೆಯ ಹಿಂದೆ ಬರೆದುಕೊಂಡಿದ್ದ ಪ್ರಕಾರ ಎರಕ ನಿಲ್ಲಿಸಬಲ್ಲವರಲ್ಲಿ ಖರೀದಿ ಬಿಟ್ಟರೆ ಉಳಿದವರು ಕೊನೆಯ ಇಬ್ಬರು. ಅವರ ಐದೇ ಮೇಲ್. ವಿರಳವಾಗಿ ಬರೆಯುವವರು ಸುಮ್ಮನೆ ಬರೆಯುವುದಿಲ್ಲ. ಡಿಸೈನಿನ ಎರಡೂ ಮೊದಲ ವಾರದವು, ಡ್ರಾಯಿಂಗಿಗೆ ಸಂಬಂಧಿಸಿದವು, ಮುಗಿದ ಮಾತು. ಗುಣಮಟ್ಟದ ಮೂರರಲ್ಲಿ 9ನೆಯದು ಲೋಹದ ಪರೀಕ್ಷಾ ಪ್ರಮಾಣಪತ್ರ ಕೇಳಿದ್ದು. 20ನೆಯದು ಎಲ್ಲರೂ ಬಲ್ಲ ಅಳತೆ ವರದಿ. ಮೂರನೆಯದು 23.

23ರಲ್ಲಿ ಇದ್ದದ್ದು

ಅಳತೆ ವರದಿಯ ಮುಂದುವರಿಕೆಯಾಗಿ ಐದೂ ಸ್ಯಾಂಪಲ್‌ಗಳಿಗೆ 15 ಬಾರ್ ಒತ್ತಡದಲ್ಲಿ ಹತ್ತು ನಿಮಿಷ ನೀರಿನ ಪರೀಕ್ಷೆ ಮಾಡಲಾಯಿತು. ಮೂರರಲ್ಲಿ ಸೋರಿಕೆ ಇಲ್ಲ. ಎರಡರಲ್ಲಿ ಡೆಲಿವರಿ ಫ್ಲ್ಯಾಂಜಿನ ಕುತ್ತಿಗೆಯ ಬಳಿ ಒಸರು ಕಂಡಿದೆ, ಫೋಟೋ ಲಗತ್ತಿಸಿದೆ. ನಿಮ್ಮ ವಿಶ್ಲೇಷಣೆ ಕಳುಹಿಸಿ. ಪೂರ್ಣ ಲಾಟನ್ನು ಆ ಬಳಿಕ ತೆಗೆದುಕೊಳ್ಳಬಹುದು.

ಐದು ವಾಕ್ಯ, ಅಷ್ಟೇ. ತಡೆಹಿಡಿಯಿರಿ ಎಂದಿಲ್ಲ, ತಿರಸ್ಕರಿಸಿದ್ದೇವೆ ಎಂದಿಲ್ಲ. ತಡೆ ಇರುವುದು ಕೊನೆಯ ವಾಕ್ಯದಲ್ಲಿ, ಅದೂ ಅನುಮತಿಯ ವೇಷದಲ್ಲಿ. ಗುಣಮಟ್ಟ ವಿಭಾಗದವರು ಬಹುಪಾಲು ಹೀಗೆಯೇ ಬರೆಯುತ್ತಾರೆ: ಕಂಡದ್ದನ್ನು ಹೇಳುತ್ತಾರೆ, ತೀರ್ಮಾನವನ್ನು ಓದುವವರ ಕೈಗೆ ಬಿಡುತ್ತಾರೆ. ಆದ್ದರಿಂದ ಸರಪಳಿಯಲ್ಲಿ ಗದರಿಕೆಯನ್ನು ಹುಡುಕುತ್ತ ಹೋದವರಿಗೆ ಇಂಥ ಮೇಲ್ ಸಿಗುವುದೇ ಇಲ್ಲ. ಹುಡುಕಬೇಕಾದದ್ದು ಷರತ್ತನ್ನು: ಬಳಿಕ, ಆದರೆ, ಹೊರತು, ಒಳಪಟ್ಟು ಎಂಬ ಅರ್ಥ ಕೊಡುವ ಸಣ್ಣ ಪದಗಳನ್ನು.

ಅದು ಏಕೆ ತಪ್ಪಿಹೋಯಿತು ಎಂಬುದು ಮೇಲ್‌ನ ತಲೆಭಾಗದಲ್ಲೇ ಇತ್ತು. ಎಂಜಿನಿಯರ್ ಇದನ್ನು ತಮ್ಮದೇ 20ನೆಯ ಮೇಲ್‌ನ ಮುಂದುವರಿಕೆಯಾಗಿ ಬರೆಯಲಿಲ್ಲ. ಸ್ಯಾಂಪಲ್ ಕಳುಹಿಸಿದ ದಿನ ಫೌಂಡ್ರಿ ಬರೆದಿದ್ದ 14ನೆಯ ಮೇಲ್ ತೆರೆದು ಅದಕ್ಕೆ ಉತ್ತರಿಸಿದ್ದರು; ಬಹುಶಃ ಪ್ರತಿ ಕಾಸ್ಟಿಂಗಿನ ಗುರುತಿನ ಸಂಖ್ಯೆ ಅದರಲ್ಲಿ ಇದ್ದುದರಿಂದ. 14ನೆಯದನ್ನು ಬರೆದವರು ಫೌಂಡ್ರಿಯ ಗುಣಮಟ್ಟ ಮೇಲ್ವಿಚಾರಕರು, ಹಾಗಾಗಿ ಉತ್ತರ ಅವರಿಗೆ ಹೋಯಿತು; ಪ್ರತಿ ಸಾಮಾನ್ಯ ಪೆಟ್ಟಿಗೆಗೆ. ಗ್ರಾಹಕರ ಖರೀದಿ ಅಧಿಕಾರಿ 14ರ ವಿಳಾಸಗಳ ಸಾಲಿನಲ್ಲಿ ಇರಲಿಲ್ಲ, ಆದ್ದರಿಂದ 23ನ್ನು ಅವರು ನೋಡಲೇ ಇಲ್ಲ. ಫೌಂಡ್ರಿಯ ಮೇಲ್ವಿಚಾರಕರು ಆ ವಾರ ಮನೆಯ ಮದುವೆಯ ರಜೆಯಲ್ಲಿದ್ದರು. ಮರುದಿನವೇ ಖರೀದಿ ಅಧಿಕಾರಿ, ತಮಗೆ ತಲುಪಿದ್ದ 20ನೆಯ ಮೇಲ್‌ಗೆ ಉತ್ತರವಾಗಿ, ಸ್ಯಾಂಪಲ್ ಸರಿಯಿವೆ ಎಂದು 24ನ್ನು ಬರೆದರು. ಅವರ ಮಟ್ಟಿಗೆ ಅದು ಸತ್ಯ. ಮುಂದಿನ 22 ಮೇಲ್‌ಗಳೂ 24ರಿಂದ ಬೆಳೆದವು, 23 ಒಂಟಿಯಾಗಿ ಉಳಿಯಿತು.

ಇನ್ನೊಂದು ಸಂಗತಿ ಆಮೇಲೆ ಬಯಲಾಯಿತು. 20ನೆಯ ಮೇಲ್‌ಗೆ ಲಗತ್ತಿಸಿದ್ದ ಅಳತೆ ವರದಿಯ ಎರಡನೆಯ ಪುಟದಲ್ಲಿ, ಅಳತೆಗಳ ಪಟ್ಟಿ ಮುಗಿದ ಕೆಳಗೆ, ಒತ್ತಡ ಪರೀಕ್ಷೆ ಬಾಕಿ ಎಂದು ಬರೆದಿತ್ತು. ಉತ್ತರ ಬರೆದಾಗ ಲಗತ್ತು ಜೊತೆಗೆ ಬರುವುದಿಲ್ಲ, ಬೇರೆಯವರಿಗೆ ಫಾರ್ವರ್ಡ್ ಮಾಡಿದಾಗ ಮಾತ್ರ ಬರುತ್ತದೆ. ಹೀಗಾಗಿ 24ರಿಂದ ಮುಂದಕ್ಕೆ ಟ್ರೇಲಿನಲ್ಲಿ ಉಳಿದದ್ದು ಅಳತೆಗಳು ಸರಿಯಿವೆ ಎಂಬ ಒಂದು ಸಾಲು. ಬಾಕಿ ಎಂಬ ಮಾತು ಹಿಂದೆಯೇ ಉಳಿಯಿತು. ಆ ಒಂದು ಸಾಲನ್ನು ಓದಿದ ಖರೀದಿ ಅಧಿಕಾರಿ ಅಳತೆ ಎಂಬ ಪದವನ್ನು ಕೈಬಿಟ್ಟು ಸ್ಯಾಂಪಲ್ ಸರಿಯಿವೆ ಎಂದರು. ಅವರನ್ನು ಓದಿದ ಮಾರ್ಕೆಟಿಂಗ್ ಹಿರಿಯರು ಸ್ಯಾಂಪಲ್ ಪಾಸಾಗಿವೆ ಎಂದರು. ಬಾಯಿಂದ ಬಾಯಿಗೆ ಮಾತು ಬಲಿಯುತ್ತ ಹೋಯಿತು. ಒಪ್ಪಿಗೆ ಎಂಬ ಮಾತು ಸಿಕ್ಕಾಗಲೆಲ್ಲ ಅದನ್ನು ಹೇಳಿದವರಿಗೆ ಹೇಳುವ ಅಧಿಕಾರ ಇತ್ತೇ, ಇಲ್ಲದಿದ್ದರೆ ಅವರು ಯಾರ ಮಾತನ್ನು ಹೊತ್ತು ತಂದರು ಎಂದು ಮೂಲದವರೆಗೆ ಹೋಗಿ ನೋಡಬೇಕಾದದ್ದು ಇದಕ್ಕೇ. ಈ ಸರಪಳಿಯಲ್ಲಿ ಅದು ಎರಡೇ ಹೆಜ್ಜೆ: 46ರಿಂದ 24ಕ್ಕೆ, 24ರಿಂದ 20ಕ್ಕೆ. 20ರ ಲಗತ್ತನ್ನು ತೆರೆದಿದ್ದರೆ 23ರ ಅರಿವಿಲ್ಲದೆಯೂ ಸೋಮವಾರದ ಎರಕ ನಿಲ್ಲುತ್ತಿತ್ತು.

ಆ ಮಾತು ಇನ್ನೂ ಜೀವಂತವೇ?

ಆತಂಕದ ಮೇಲ್ ಸಿಕ್ಕ ಕೂಡಲೇ ಓಡಿಹೋಗಿ ಎರಕ ನಿಲ್ಲಿಸಿ ಎನ್ನುವುದೂ ಅಷ್ಟೇ ದೊಡ್ಡ ತಪ್ಪಾಗಬಹುದು. ಮೂರು ವಾರದ ಸರಪಳಿಯಲ್ಲಿ ಎಷ್ಟೋ ಆಕ್ಷೇಪಣೆಗಳು ಏಳುತ್ತವೆ, ಫೋನಿನಲ್ಲಿ ಮುಗಿದುಹೋಗುತ್ತವೆ, ಮುಗಿದದ್ದನ್ನು ಯಾರೂ ಬರೆಯುವುದಿಲ್ಲ. ಆಕೆ ಮೊದಲು ನೋಡಿದ್ದು 23ಕ್ಕೆ ಯಾರಾದರೂ ಉತ್ತರಿಸಿದ್ದಾರೆಯೇ ಎಂದು. `Print all` ಪುಟದಲ್ಲಿ 23ರ ನಂತರ ಒಸರು, ಒತ್ತಡ, 15 ಬಾರ್ ಎಂಬ ಮಾತು ಮತ್ತೆಲ್ಲಿಯೂ ಇರಲಿಲ್ಲ. ಸರಪಳಿಯ ಹೊರಗೆ ಬೇರೆ ವಿಷಯ ಸಾಲಿನಲ್ಲಿ ಬಂದಿರಬಹುದೆಂದು ಪೆಟ್ಟಿಗೆಯಲ್ಲೂ ಹುಡುಕಿದಳು. ಇದು ಅತಿ ಜಾಗ್ರತೆಯಲ್ಲ: ವಿಷಯ ಸಾಲು ಬದಲಾದರೂ, ಒಂದು ಸಂಭಾಷಣೆ ನೂರು ಮೇಲ್ ದಾಟಿದರೂ ಜಿಮೇಲ್ ಅದನ್ನು ಮುರಿದು ಹೊಸ ಸರಪಳಿ ಮಾಡುತ್ತದೆ. ಆಕೆ ಬರೆದ ಹುಡುಕುಪದಗಳು ಇಷ್ಟೇ:

```
casing (hydro OR leak OR sweating OR "15 bar")
casing has:attachment filename:jpg
```

ಮೊದಲನೆಯದಕ್ಕೆ ಸಿಕ್ಕದ್ದು ಅದೇ ಸರಪಳಿ, ಎರಡನೆಯದಕ್ಕೆ 23ರ ಫೋಟೋ. ಹೊಸತೇನೂ ಇಲ್ಲ.

ಆಮೇಲೆ ಎರಡು ಫೋನ್. ಫೌಂಡ್ರಿಯ ಗುಣಮಟ್ಟ ಮೇಲ್ವಿಚಾರಕರು ರಜೆಯಿಂದ ಬಂದ ದಿನ ಸಾಮಾನ್ಯ ಪೆಟ್ಟಿಗೆಯಲ್ಲಿ ಓದದ ಮೇಲ್‌ಗಳನ್ನಷ್ಟೇ ನೋಡಿದ್ದರು, ತಮ್ಮ ಸ್ವಂತ ಪೆಟ್ಟಿಗೆ ತೆರೆದಿರಲಿಲ್ಲ. 23 ಆಗಲೇ ಯಾರದೋ ಕೈಯಲ್ಲಿ ತೆರೆದುಕೊಂಡು ಓದಿದ ಮೇಲ್ ಆಗಿತ್ತು. ಅವರಿಗೆ ಸುದ್ದಿಯೇ ಇರಲಿಲ್ಲ. ಪುಣೆಯ ಎಂಜಿನಿಯರ್ ಶನಿವಾರವೂ ಕೆಲಸದಲ್ಲಿದ್ದರು, ಒಡನೆಯೇ ಸಿಕ್ಕರು.

‘ಮೇಡಂ, ನಿಮ್ಮ ಉತ್ತರಕ್ಕೇ ಕಾಯುತ್ತಿದ್ದೇನೆ. ನೀವು ಲಾಟ್ ಹೊಯ್ಯಲು ಹೊರಟಿದ್ದೀರಿ ಎಂದು ನನಗೆ ಯಾರೂ ಹೇಳಲಿಲ್ಲ’ ಎಂದರು.

ಹೇಳುವವರು ಯಾರು? 24ರ ಕವಲಿನಲ್ಲಿ ಅವರ ವಿಳಾಸ ಇರಲಿಲ್ಲ. ಖರೀದಿ ಅಧಿಕಾರಿ 20ಕ್ಕೆ ಉತ್ತರಿಸುವಾಗ ಫೌಂಡ್ರಿಯವರನ್ನು ಸೇರಿಸಿ, ತಮ್ಮದೇ ಸಂಸ್ಥೆಯ ಗುಣಮಟ್ಟದವರನ್ನು ತೆಗೆದಿದ್ದರು. ಒಂದು ಹೆಸರು ಸಾಲಿನಿಂದ ಬಿದ್ದುಹೋದ ಜಾಗವನ್ನು ಗುರುತಿಸುವುದು ಸುಲಭ, ಯಾರೂ ನೋಡುವುದಿಲ್ಲ ಅಷ್ಟೇ. ಮೇಲ್‌ನ ಒಡಲನ್ನು ಓದುವಷ್ಟು ಹೊತ್ತಿಲ್ಲದಿದ್ದರೆ ವಿಳಾಸಗಳ ಸಾಲನ್ನಾದರೂ ಓದಬೇಕು.

ಕಬ್ಬಿಣದ ಕಡೆಯ ಮಾತು

ಈಗ ಐದರಲ್ಲಿ ಎರಡು ಒಸರಿದರೆ ಅದಕ್ಕಾಗಿ 240ನ್ನು ನಿಲ್ಲಿಸಬೇಕೇ? ಮಾರ್ಕೆಟಿಂಗ್ ಹಿರಿಯರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಐದು ಬಹಳ ಸಣ್ಣ ಸಂಖ್ಯೆ. ಪೂರ್ಣ ಲಾಟಿನಲ್ಲಿ ಕೆಡುವ ಪ್ರಮಾಣ ಎಷ್ಟೆಂದು ಅದರಿಂದ ಹೇಳಲಾಗುವುದಿಲ್ಲ. ತೀರ್ಮಾನಕ್ಕೆ ಆಧಾರವಾದದ್ದು ಎರಡು ಎಂಬ ಸಂಖ್ಯೆಗಿಂತ ಹೆಚ್ಚಾಗಿ ಫೋಟೋ. ಎರಡರಲ್ಲೂ ಒಸರು ಒಂದೇ ಜಾಗದಲ್ಲಿತ್ತು: ದಪ್ಪ ಫ್ಲ್ಯಾಂಜ್ ತೆಳು ಗೋಡೆಗೆ ಸೇರುವ ಕುತ್ತಿಗೆಯಲ್ಲಿ. ಎರಡು ಕಾಸ್ಟಿಂಗ್ ಎರಡು ಬೇರೆ ಜಾಗದಲ್ಲಿ ಸೋರಿದರೆ ಮರಳು ಬಿದ್ದಿರಬಹುದು, ಗಾಳಿ ಸಿಕ್ಕಿರಬಹುದು, ದಿನದ ಅದೃಷ್ಟವಿರಬಹುದು. ಒಂದೇ ಜಾಗದಲ್ಲಿ ಸೋರಿದರೆ ದೋಷ ಪದ್ಧತಿಯಲ್ಲಿದೆ, ಅದೇ ಪದ್ಧತಿಯಲ್ಲಿ ಹೊಯ್ದರೆ ಮರುಕಳಿಸುತ್ತದೆ.

ಅಂಥ ಸಂಧಿಗಳಲ್ಲಿ ದಪ್ಪ ಭಾಗ ಕೊನೆಗೆ ಗಟ್ಟಿಯಾಗುತ್ತದೆ. ಸುತ್ತಲಿನ ತೆಳು ಭಾಗ ಆಗಲೇ ಹೆಪ್ಪುಗಟ್ಟಿರುವುದರಿಂದ ಕುಗ್ಗುವ ಲೋಹಕ್ಕೆ ಹೊಸ ಲೋಹ ಸಿಗದೆ ಒಳಗೆ ಸಣ್ಣ ಸಣ್ಣ ತೆರಪುಗಳು ಉಳಿಯುತ್ತವೆ. ಬೂದು ಎರಕದ ಕಬ್ಬಿಣದಲ್ಲಿ ಗ್ರಾಫೈಟ್ ಬಿಡುಗಡೆಯಾಗುವಾಗ ಹಿಗ್ಗುವುದರಿಂದ ಈ ಕುಗ್ಗುವಿಕೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಆದರೆ ಅಚ್ಚಿನ ಮರಳು ಮೆತ್ತಗಿದ್ದರೆ ಆ ಹಿಗ್ಗು ಅಚ್ಚಿನ ಗೋಡೆಯನ್ನು ಹೊರಗೆ ತಳ್ಳಿ ವ್ಯರ್ಥವಾಗುತ್ತದೆ. ಹಾಗಾಗಿ ಮೇಲ್ವಿಚಾರಕರು ಎರಡು ಕಾರಣಗಳನ್ನು ಮುಂದಿಟ್ಟರು. ಒಂದು, ಕುತ್ತಿಗೆಯಲ್ಲಿ ಶಾಖ ಕಟ್ಟಿಕೊಳ್ಳುತ್ತಿದೆ. ಅದಕ್ಕೆ ಮದ್ದು ಅಲ್ಲಿ ಲೋಹದ ಚಿಲ್ ಇಟ್ಟು ಬೇಗ ತಣಿಸುವುದು. ಇನ್ನೊಂದು, ಅಚ್ಚು ಸಾಕಷ್ಟು ಗಟ್ಟಿಯಿಲ್ಲ. ಅದಕ್ಕೆ ಮದ್ದು ಮರಳನ್ನು ಇನ್ನೂ ಬಿಗಿಯಾಗಿ ತುಂಬುವುದು. ಯಾವುದು ನಿಜ ಎಂದು ಫೋಟೋ ನೋಡಿ ಹೇಳುವುದು ಸಾಧ್ಯವಿರಲಿಲ್ಲ.

ನಾಲ್ಕೂ ಮುಕ್ಕಾಲಿಗೆ ತೀರ್ಮಾನವಾಯಿತು. ಸೋಮವಾರದ ಹೀಟ್, ಅಂದರೆ ಅಂದು ಕರಗಿಸುವ ಲೋಹ, ಬೇರೆ ಆರ್ಡರಿಗೆ. ಆ ಕೇಸಿಂಗಿನ ಎಂಟು ಅಚ್ಚು ಮಾತ್ರ. ನಾಲ್ಕರಲ್ಲಿ ಚಿಲ್, ಉಳಿದ ನಾಲ್ಕರಲ್ಲಿ ಚಿಲ್ ಇಲ್ಲದೆ ಬಿಗಿಯಾದ ಮರಳು. ಸ್ಟೋರಿನ ಗೇಟಿನಲ್ಲಿದ್ದ ಎರಡನ್ನೂ ತರಿಸಿ, ಒಂದನ್ನು ಕುತ್ತಿಗೆಯಲ್ಲಿ ಕೊಯ್ದು ನೋಡುವುದು.

ಮರು ಉತ್ತರ

ಆ ಸಂಜೆ ಆಕೆ ಬರೆದ 47ನೆಯ ಮೇಲ್ ಕಟ್ಟಿದ ರೀತಿಯನ್ನು ಗಮನಿಸಬೇಕು. ಅದು 23ಕ್ಕೆ ಉತ್ತರವಾಗಿದ್ದರೆ ಮತ್ತೆ ಖರೀದಿ ಅಧಿಕಾರಿಗೆ ತಲುಪುತ್ತಿರಲಿಲ್ಲ, ಕವಲು ಕವಲಾಗಿಯೇ ಉಳಿಯುತ್ತಿತ್ತು. ಆಕೆ 46ಕ್ಕೆ ಎಲ್ಲರಿಗೂ ಉತ್ತರಿಸಿ, ಗುಣಮಟ್ಟದ ಎಂಜಿನಿಯರರನ್ನೂ ತಮ್ಮ ಮೇಲ್ವಿಚಾರಕರನ್ನೂ ವಿಳಾಸದ ಸಾಲಿಗೆ ಮರಳಿ ಸೇರಿಸಿದಳು. 23ರ ಐದು ವಾಕ್ಯಗಳನ್ನು ದಿನಾಂಕ ಸಮೇತ ಮೇಲ್‌ನ ಒಡಲಿನಲ್ಲೇ ನಕಲು ಮಾಡಿದಳು, ಫೋಟೋವನ್ನೂ ಎರಡು ಪುಟದ ಅಳತೆ ವರದಿಯನ್ನೂ ಹೊಸದಾಗಿ ಲಗತ್ತಿಸಿದಳು. ಮೊದಲ ಸಾಲಿನಲ್ಲಿ ಪೀಠಿಕೆಯಿಲ್ಲದೆ ತೀರ್ಮಾನ: ಸೋಮವಾರ ಪೂರ್ಣ ಲಾಟ್ ಹೊಯ್ಯುತ್ತಿಲ್ಲ, ಎಂಟು ಸ್ಯಾಂಪಲ್ ಹೊಯ್ಯುತ್ತಿದ್ದೇವೆ. ಎರಡನೆಯ ಸಾಲಿನಲ್ಲಿ ಕಾರಣ. ಮೂರನೆಯದರಲ್ಲಿ ಯಾರಿಂದ ಏನು ಬೇಕು ಎಂಬುದು, ಇಬ್ಬರ ಹುದ್ದೆಯನ್ನೂ ಹೆಸರಿಸಿ. ಲಾರಿಯ ವಿಚಾರಕ್ಕೆ ಬೇರೆ ವಿಷಯ ಸಾಲಿನಲ್ಲಿ ಬೇರೆ ಮೇಲ್. ಈ ಕೊನೆಯದು ಸಣ್ಣ ಸಂಗತಿಯಂತೆ ಕಾಣಬಹುದು, ಆದರೆ ಎರಕದ ಮಾತನ್ನೂ ಬಾಡಿಗೆಯ ಮಾತನ್ನೂ ಒಂದೇ ಸರಪಳಿಗೆ ಕಟ್ಟಿದ್ದರಿಂದಲೇ ಬಾಡಿಗೆ ಮುಗಿದದ್ದನ್ನು ಎಲ್ಲ ಮುಗಿದದ್ದೆಂದು ಎರಡೂ ಕಡೆಯವರು ಓದಿದ್ದರು.

ಈ ಓದು ಹಿಡಿಯಲಾರದ ಪ್ರಸಂಗಗಳೂ ಇವೆ. 23ರ ಪ್ರತಿ ಸಾಮಾನ್ಯ ಪೆಟ್ಟಿಗೆಗೆ ಬಂದಿರದಿದ್ದರೆ ಯಾವ ಹುಡುಕಾಟಕ್ಕೂ ಅದು ಸಿಗುತ್ತಿರಲಿಲ್ಲ. ಆಗ ಉಳಿಯುವುದು 38ರ ಎರಡು ಕಾಸ್ಟಿಂಗ್ ಎಂಬ ಸುಳಿವು ಮತ್ತು ಫೋನ್ ಮಾತ್ರ. ವಾಟ್ಸ್‌ಆ್ಯಪಿನಲ್ಲಿ ಯಾರಿಗೋ ಒಬ್ಬರಿಗೆ ಫೋಟೋ ಕಳುಹಿಸಿ ಸುಮ್ಮನಾಗಿದ್ದರೆ ಪೆಟ್ಟಿಗೆಯಲ್ಲಿ ಅದರ ನೆರಳೂ ಬೀಳುತ್ತಿರಲಿಲ್ಲ. ಹಳೆಯ ಮಾತುಗಳ ನಡುನಡುವೆ ಬಣ್ಣದ ಅಕ್ಷರದಲ್ಲಿ ಉತ್ತರ ತುಂಬುವ ಅಭ್ಯಾಸವುಳ್ಳವರ ಮೇಲ್‌ಗಳಲ್ಲೂ ಎಚ್ಚರ ಬೇಕು. ಅವರ ಹೊಸ ಮಾತು ಹಳೆಯದರ ಒಳಗೆ ಕೂತಿರುತ್ತದೆ, ಮೇಲಿನ ನಾಲ್ಕು ಸಾಲು ಓದಿದವರಿಗೆ ಕೆಳಗೆ ನೋಡಿ ಎಂಬುದಷ್ಟೇ ಕಾಣುತ್ತದೆ. ಅಂಥವರ ಮೇಲನ್ನು ಒಂದೊಂದಾಗಿ ತೆರೆದು ಕೊನೆಯವರೆಗೆ ನೋಡದೆ ಗತಿಯಿಲ್ಲ.

ಕೊಯ್ದ ಕಾಸ್ಟಿಂಗಿನ ಕುತ್ತಿಗೆಯಲ್ಲಿ ಸ್ಪಂಜಿನಂಥ ತೆರಪುಗಳು ಬರಿಗಣ್ಣಿಗೇ ಕಂಡವು. ಎಂಟು ಹೊಸ ಸ್ಯಾಂಪಲ್‌ಗಳನ್ನು ಬೆಳಗಾವಿಯ ಹತ್ತಿರದ ಮಚ್ಛೆಯ ಒಂದು ಮಶಿನ್ ಶಾಪಿನಲ್ಲಿ ಫ್ಲ್ಯಾಂಜಿನ ಮುಖ ಮಾತ್ರ ತಿರುವಿಸಿ, ತಟ್ಟೆ ಬಿಗಿದು, ಅಲ್ಲಿಯೇ 15 ಬಾರ್ ಒತ್ತಡ ಕೊಡಲಾಯಿತು. ಚಿಲ್ ಇಟ್ಟ ನಾಲ್ಕರಲ್ಲಿ ಯಾವುದೂ ಒಸರಲಿಲ್ಲ. ಬಿಗಿ ಮರಳಿನ ನಾಲ್ಕರಲ್ಲಿ ಒಂದು ಒಸರಿತು. ನಾಲ್ಕಕ್ಕೆ ನಾಲ್ಕು ಎಂಬುದು ಪುರಾವೆಯಲ್ಲ ಎಂದು ಮೇಲ್ವಿಚಾರಕರೇ ಹೇಳಿದರು. ಚಿಲ್ ಇಟ್ಟು, ಮರಳನ್ನೂ ಬಿಗಿಗೊಳಿಸಿ, ಮೊದಲು 60 ಮಾತ್ರ ಹೊಯ್ದು ಕಳುಹಿಸುವುದು, ಅವುಗಳ ಒತ್ತಡ ಪರೀಕ್ಷೆಯ ಫಲ ಬಂದ ಮೇಲೆ ಉಳಿದ 180 ಎಂದು ಫೌಂಡ್ರಿ, ಗ್ರಾಹಕರ ಖರೀದಿ, ಗುಣಮಟ್ಟ ಮೂರೂ ಕಡೆಯವರು ಒಪ್ಪಿದರು. ಖರೀದಿ ಅಧಿಕಾರಿ ತಡವಾದದ್ದಕ್ಕೆ ದಂಡದ ಕಲಮನ್ನು ನೆನಪಿಸಿ ಬರೆದರು. 23ನೆಯ ಮೇಲ್‌ನ ದಿನಾಂಕವನ್ನು ತೋರಿಸಿದ ಮೇಲೆ ಅದನ್ನು ಒತ್ತಾಯಿಸಲಿಲ್ಲ. 60ರ ಲಾರಿ ಬಾಡಿಗೆ ಯಾರದು ಎಂಬ ಬಗ್ಗೆ ಹೊಸ ಸರಪಳಿ ಆರಂಭವಾಗಿದೆ, ಅದು ಈಗಾಗಲೇ 11 ಮೇಲ್ ತಲುಪಿದೆ.